ಆಷಾಢಕ್ಕೆ ಇಪ್ಪತ್ತು ಸಾವಿರ

ದೊಡ್ಡಬಳ್ಳಾಪುರದಲ್ಲಿ ನಮ್ಮದು ಆರು ಪವರ್‌ಲೂಮ್ ಮಗ್ಗಗಳ ಸಣ್ಣ ಶೆಡ್ಡು. ಮಗ್ಗ ನನ್ನ ಗಂಡನದು, ಲೆಕ್ಕ ನನ್ನದು. ನೂಲನ್ನು ಪೇಟೆಯ ಒಬ್ಬರೇ ವ್ಯಾಪಾರಿಯಿಂದ ಹನ್ನೆರಡು ವರ್ಷಗಳಿಂದ ತರುತ್ತಿದ್ದೆವು. ನಲವತ್ತೈದು ದಿನದ ವಾಯಿದೆ. ನೂಲು ತರುವಾಗಲೇ ಮುಂದಿನ ತಾರೀಖು ಹಾಕಿದ ಚೆಕ್ ಕೊಟ್ಟು ಬರುವುದು ರೂಢಿ.

ಆ ವರ್ಷ ಮದುವೆ ಸೀಸನ್ನಿನಲ್ಲೇ ಸೀರೆ ಓಡಲಿಲ್ಲ. ಹೊರಗಿನಿಂದ ಅಗ್ಗದ ಮಾಲು ಬಂದು ತುಂಬಿತ್ತು. ಬೆಂಗಳೂರಿನ ಅಂಗಡಿಯವರು ನಮ್ಮ ಸೀರೆಗಳನ್ನು ಇಳಿಸಿಕೊಂಡರೂ ಹಣ ಕೊಡುತ್ತಿರಲಿಲ್ಲ. ಜೂನ್ ಮೊದಲ ವಾರ, ಶುಕ್ರವಾರ. ಸೋಮವಾರದ ತಾರೀಖಿನ ಒಂದು ಲಕ್ಷ ಎಂಬತ್ತು ಸಾವಿರದ ಚೆಕ್ ನೂಲಿನವರ ಕೈಯಲ್ಲಿತ್ತು. ನಮ್ಮ ಖಾತೆಯಲ್ಲಿ ಇಪ್ಪತ್ತಾರು ಸಾವಿರ ಇತ್ತು.

ಅವರಿಂದ ಎರಡು ಸಲ ಫೋನ್ ಬಂದಿತ್ತು. ನನ್ನ ಗಂಡ ಫೋನನ್ನು ದಿಂಬಿನ ಕೆಳಗೆ ತಳ್ಳಿ ಶೆಡ್ಡಿಗೆ ಹೋಗಿಬಿಟ್ಟಿದ್ದರು. ಚೆಕ್ ಬೌನ್ಸ್ ಆದರೆ ಕೇಸು. ಕೇಸಿಗಿಂತ ಮೊದಲು ಪೇಟೆಯಲ್ಲಿ ಸುದ್ದಿ. ಸುದ್ದಿ ಹರಡಿದ ಮೇಲೆ ಯಾರೂ ನೂಲು ಕೊಡುವುದಿಲ್ಲ. ಹಿಂದಿನ ಬೀದಿಯ ಮನೆಯವರ ಮಗ್ಗಗಳನ್ನು ಗುಜರಿಯವರು ಬಿಚ್ಚಿ ತೂಕ ಹಾಕಿದ್ದನ್ನು ನಾನು ನಿಂತು ನೋಡಿದ್ದೆ.

ಶನಿವಾರ ಬೆಳಿಗ್ಗೆ ನಾನೇ ಹೋದೆ. ಲೆಕ್ಕದ ಪುಸ್ತಕ, ಉಳಿದ ಸೀರೆಗಳ ಪಟ್ಟಿ, ಅಂಗಡಿಯವರಿಂದ ಬರಬೇಕಾದ ಬಾಕಿಯ ಬಿಲ್ಲುಗಳು ಚೀಲದಲ್ಲಿದ್ದವು. ನೂಲಂಗಡಿಯ ಮೆಟ್ಟಿಲು ಹತ್ತಿದೆ. ಒಳಗೆ ಬೇರೆ ಗಿರಾಕಿಗಳಿದ್ದರು. ಅವರು ಹೋಗುವವರೆಗೂ ನೂಲು ಸುತ್ತಿದ ಕೋನ್‌ಗಳ ಡಬ್ಬಗಳ ಪಕ್ಕ ನಿಂತೆ.

“ಯಜಮಾನ್ರು ಫೋನ್ ಎತ್ತಲ್ಲ, ನೀವು ಬಂದಿದೀರ. ಏನಮ್ಮಾ ವಿಷಯ?” ವ್ಯಾಪಾರಿ ತಲೆ ಎತ್ತದೆ ಕೇಳಿದರು.

“ಅಣ್ಣಾ, ಸೋಮವಾರದ ಚೆಕ್ ಹಾಕ್ಬೇಡಿ. ಖಾತೇಲಿ ಅಷ್ಟು ದುಡ್ಡಿಲ್ಲ. ನಾಲ್ಕು ತಿಂಗಳು ಟೈಮ್ ಕೊಡಿ, ತಿಂಗಳಿಗೆ ನಲವತ್ತೈದು ಸಾವಿರದಂತೆ ಕಟ್ತೀವಿ.”

ಅವರು ಈಗ ತಲೆ ಎತ್ತಿದರು.

“ಮಿಲ್ಲಿನೋರು ನನಗೆ ಟೈಮ್ ಕೊಡ್ತಾರಾ? ಈ ಬಿಲ್ಲಿನ ಜಿಎಸ್‌ಟಿ ಆಗ್ಲೇ ಕಟ್ಟಿದೀನಿ.”

ನಾನು ಪುಸ್ತಕ ತೆಗೆದು ಅವರ ಮುಂದಿಟ್ಟೆ. ಒಂದೊಂದೇ ಪುಟ ತಿರುಗಿಸಿದರು. ಅಂಗಡಿಯವರ ಬಿಲ್ಲುಗಳ ತಾರೀಖುಗಳನ್ನು ಬೆರಳಿಟ್ಟು ನೋಡಿದರು.

“ಜುಲೈನಲ್ಲಿ ನಲವತ್ತೈದು ಎಲ್ಲಿಂದ ತರ್ತೀರಮ್ಮಾ? ಆಷಾಢದಲ್ಲಿ ಯಾರು ಸೀರೆ ತಗೋತಾರೆ?”

ಹೇಗಾದರೂ ಒಪ್ಪಿಸಬೇಕೆಂಬ ಹೆದರಿಕೆಯಲ್ಲಿ ಕೊಡಲಾಗದ್ದನ್ನು ಕೊಡುತ್ತೇನೆಂದು ಬಂದಿದ್ದೆ.

ಅವರೇ ಹಳೆ ಬಿಲ್ಲಿನ ಹಿಂಬದಿಯಲ್ಲಿ ಬರೆದರು: ಜೂನ್ ಕೊನೆಗೆ ಇಪ್ಪತ್ತು, ಜುಲೈ ಕೊನೆಗೆ ಇಪ್ಪತ್ತು, ವರಮಹಾಲಕ್ಷ್ಮಿ ವ್ಯಾಪಾರ ಮುಗಿದು ಆಗಸ್ಟ್ ಕೊನೆಗೆ ಅರವತ್ತು, ಸೆಪ್ಟೆಂಬರ್ ಕೊನೆಗೆ ಎಂಬತ್ತು.

“ಬಡ್ಡಿ ಬೇಡ. ನಾಲ್ಕು ಚೆಕ್ ಬರ್ದು ಕೊಡಿ, ಹಳೇದು ವಾಪಸ್ ಕೊಡ್ತೀನಿ. ಹೊಸ ನೂಲು ಮಾತ್ರ ನಗದಿಗೇ. ಒಂದು ಚೆಕ್ ತಪ್ಪಿದ್ರೂ ಉಳಿದಿದ್ದೆಲ್ಲಾ ಒಂದೇ ಸಲ ಕೊಡ್ಬೇಕು. ಒಪ್ಪಿಗೇನಾ?”

“ಒಪ್ಪಿಗೆ ಅಣ್ಣಾ.”

“ಇನ್ನೊಂದು. ದುಡ್ಡು ಆಗಲ್ಲ ಅನ್ನೋದಾದ್ರೆ ನಾಲ್ಕು ದಿನ ಮುಂಚೆ ಹೇಳಿ. ಫೋನ್ ಎತ್ತದೆ ಕೂರ್ಬೇಡಿ.”

ಖಾತೆ ಗಂಡನ ಹೆಸರಿನಲ್ಲಿತ್ತು. ಮನೆಗೆ ಬಂದು ಎಲ್ಲ ಹೇಳಿದೆ. ಅವರು ನಾಲ್ಕು ಚೆಕ್ಕಿಗೂ ಸಹಿ ಮಾಡಿದರು. ಮಧ್ಯಾಹ್ನವೇ ಅವನ್ನು ಕೊಟ್ಟು, ಹಳೆಯ ಚೆಕ್ ತಂದು ಹರಿದು ಹಾಕಿದೆ.

ನೂಲಿಗೆ ನಗದು ಸಾಲದೆ ಎರಡು ಮಗ್ಗ ನಿಲ್ಲಿಸಿದೆವು. ಜೂನಿನ ಚೆಕ್ ಪಾಸಾಯಿತು. ಜುಲೈ ಕೊನೆಯಲ್ಲಿ ಬೆಂಗಳೂರಿನ ಅಂಗಡಿಯವರು ಹಣಕ್ಕೆ ವಾರ ಬಿಟ್ಟು ಬನ್ನಿ ಎಂದರು. ಖಾತೆಯಲ್ಲಿ ಹನ್ನೊಂದು ಸಾವಿರ ಮಾತ್ರ ಇತ್ತು. ಚೆಕ್ಕಿನ ತಾರೀಖಿಗೆ ಐದು ದಿನ ಬಾಕಿ ಇರುವಾಗ ನೂಲಿನವರಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಕಟ್ ಮಾಡಿ, ಮತ್ತೆ ಮಾಡಿದೆ.

“ಹೇಳಿದ್ರಲ್ಲ, ಆಯ್ತು. ಚೆಕ್ ಎಂಟನೇ ತಾರೀಖು ಹಾಕ್ತೀನಿ. ಅದರ ಮೇಲೆ ಒಂದು ದಿನಾನೂ ಇಲ್ಲ,” ಎಂದರು.

ಏಳನೇ ತಾರೀಖು ಸಂಜೆ ಅಂಗಡಿಯವರ ಹಣ ಖಾತೆಗೆ ಬಿತ್ತು. ಆಗಸ್ಟಿನದು ಹಬ್ಬದ ವ್ಯಾಪಾರದಲ್ಲಿ ತೀರಿತು. ಸೆಪ್ಟೆಂಬರಿನ ಎಂಬತ್ತಕ್ಕೆ ಉಳಿದ ಸೀರೆಗಳನ್ನು ಅಸಲಿಗಿಂತ ಕಡಿಮೆಗೆ ಕೊಟ್ಟೆವು.

ಕೊನೆಯ ಚೆಕ್ ಪಾಸಾದ ಮರುದಿನ ವ್ಯಾಪಾರಿ ನನ್ನ ಗಂಡನನ್ನು ಕರೆದು, ಇನ್ನು ಹದಿನೈದು ದಿನದ ವಾಯಿದೆಗೆ ನೂಲು ಕೊಡುತ್ತೇನೆ ಎಂದರಂತೆ. ಗಂಡ ಖುಷಿಯಿಂದ ಬಂದು ಹೇಳಿದರು. ನನಗೆ ಮಾತ್ರ ಧೈರ್ಯ ಬರಲಿಲ್ಲ. ದೀಪಾವಳಿ ಕಳೆಯುವವರೆಗೂ ನಾನು ನಗದು ಕೊಟ್ಟೇ ನೂಲು ತಂದೆ, ನಾಲ್ಕು ಮಗ್ಗಕ್ಕೆ ಆಗುವಷ್ಟು.