ಆಳು ನಿಲ್ಲಿಸಿ ಹೋದವಳ ರಜೆ

ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಕೆಲವು ವರ್ಷ ಸಿಬ್ಬಂದಿ ವಿಭಾಗ ನೋಡಿಕೊಂಡೆ. ವಿಭಾಗ ಎಂದರೆ ನಾನು, ಒಂದು ಮೇಜು ಮತ್ತು ಕರೆಂಟು ಇದ್ದಾಗ ತಿರುಗುವ ಒಂದು ಫ್ಯಾನು. ಹಾಜರಿ ಯಂತ್ರದ ಪಕ್ಕದಲ್ಲಿ ಕಟ್ಟು ಹಾಕಿಸಿದ ರಜೆ ನಿಯಮ ತೂಗುತ್ತಿತ್ತು. ಪ್ರತಿ ವರ್ಷ ಆಯುಧಪೂಜೆಯಲ್ಲಿ ಯಂತ್ರಗಳ ಜೊತೆಗೆ ಅದರ ಗಾಜಿಗೂ ಕುಂಕುಮ ಹಚ್ಚುತ್ತಿದ್ದರು. ಪೂಜೆ ನಡೆಯುತ್ತಿತ್ತೇ ಹೊರತು ಓದುವವರು ಯಾರೂ ಇರಲಿಲ್ಲ.

ಓದಿದ್ದರೂ ಪ್ರಯೋಜನವಿರಲಿಲ್ಲ. ‘ಅರ್ಹ ಕಾರ್ಮಿಕರು, ಅಸಾಧಾರಣ ಸಂದರ್ಭಗಳ ಹೊರತು, ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆದು ರಜೆಯನ್ನು ಉಪಯೋಗಿಸತಕ್ಕದ್ದು’ ಎಂದು ಅದರಲ್ಲಿತ್ತು. ಅರ್ಹರು ಯಾರು, ಪ್ರಾಧಿಕಾರ ಯಾರು, ಅಸಾಧಾರಣ ಯಾವುದು ಎಂದು ಬರೆದವರಿಗೂ ಗೊತ್ತಿದ್ದಂತಿರಲಿಲ್ಲ. ಅದರ ಕೆಳಗಿನ ಸಾಲು ಮಾತ್ರ ಚೊಕ್ಕವಾಗಿತ್ತು. ಅನುಮತಿಯಿಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ಗೈರಾದವರು, ಮ್ಯಾನೇಜರಿಗೆ ಒಪ್ಪಿಗೆಯಾಗುವ ಕಾರಣ ಕೊಡದಿದ್ದರೆ, ಕೆಲಸ ಬಿಟ್ಟಂತೆ.

ನಮ್ಮ ಜನ ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದರು. ರಜೆ ಬೇಕಾದವರು ತಮ್ಮ ಯಂತ್ರಕ್ಕೆ ಇನ್ನೊಬ್ಬರನ್ನು ಒಪ್ಪಿಸಿ, ಸೂಪರ್‌ವೈಸರ್‌ಗೆ ಹೇಳಿ ಹೊರಡುತ್ತಿದ್ದರು. ಇದಕ್ಕೆ ‘ಆಳು ನಿಲ್ಲಿಸೋದು’ ಎಂದು ಹೆಸರು. ಯಂತ್ರ ಓಡುತ್ತಿದ್ದರೆ ರಜೆ ಸಿಕ್ಕಂತೆ. ಅರ್ಜಿ ಗಿರ್ಜಿ ಎಲ್ಲ ವಾಪಸು ಬಂದ ಮೇಲೆ, ನೆನಪಾದರೆ.

ಡ್ರಿಲ್ಲಿಂಗ್ ಯಂತ್ರದ ಹೆಂಗಸೊಬ್ಬಳು ಹಾಗೆಯೇ ಹೋದಳು. ಯಾದಗಿರಿ ಕಡೆಯವಳು, ದಾಸರಹಳ್ಳಿಯಲ್ಲಿ ಬಾಡಿಗೆ ರೂಮು. ಊರಿನಲ್ಲಿ ಅಕ್ಕನಿಗೆ ತೀರಾ ಹುಷಾರಿಲ್ಲ ಎಂದು ಫೋನು ಬಂದ ಕೂಡಲೇ ಪ್ಯಾಕಿಂಗ್ ವಿಭಾಗದ ಗೆಳತಿಯನ್ನು ಯಂತ್ರಕ್ಕೆ ನಿಲ್ಲಿಸಿ ಬಸ್ಸು ಹತ್ತಿದಳು. ಅಕ್ಕ ಉಳಿಯಲಿಲ್ಲ. ಕಾರ್ಯವೆಲ್ಲ ಮುಗಿಸಿ ಬರುವ ಹೊತ್ತಿಗೆ ಹತ್ತು ದಿನ ದಾಟಿತ್ತು. ಹೊಸದಾಗಿ ಬಂದಿದ್ದ ಮ್ಯಾನೇಜರು ಹಾಜರಿ ನೋಡಿ, ಅರ್ಜಿ ಇಲ್ಲವೆಂದು ಅವಳ ಬೀಗ ಹಾಕಿದ ರೂಮಿಗೆ ನೋಟಿಸು ಕಳಿಸಿದ್ದರು. ಬೀಗಕ್ಕೆ ಓದು ಬರುವುದಿಲ್ಲ. ಅವಳು ಬಂದಾಗ ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸಿದ.

ಸೂಪರ್‌ವೈಸರ್ ಮ್ಯಾನೇಜರ ಮುಂದೆ ಅವಳ ಪರವಾಗಿಯೇ ಮಾತಾಡಿದ.

“ಆಳು ನಿಲ್ಸೇ ಹೋಗಿದ್ಲು ಸಾರ್. ಒಂದ್ ಪೀಸೂ ಕಮ್ಮಿ ಆಗಿಲ್ಲ.”

“ಅದು ಯಾವ ರೂಲ್ ರೀ?” ಎಂದರು ಮ್ಯಾನೇಜರು.

ಸೂಪರ್‌ವೈಸರ್ ಗೋಡೆಯ ಕಡೆ ನೋಡಿದ. ಅಲ್ಲಿನ ನಿಯಮದಲ್ಲಿ ಅದು ಇರಲಿಲ್ಲ.

ಮ್ಯಾನೇಜರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಎರಡಕ್ಕೂ ಇರುವ ವ್ಯತ್ಯಾಸ ಗೇಟಿನ ಹೊರಗೆ ನಿಂತವರಿಗೆ ಕಾಣುವುದಿಲ್ಲ. ನನ್ನನ್ನು ಕರೆದು ಹೇಳಿದರು: “ಇವಳೊಬ್ಳಿಗೆ ಅಂತ ನಾನು ಏನೂ ಮಾಡಲ್ಲ ಮೇಡಂ. ಆ ರೂಲ್ ಎಲ್ರಿಗೂ ಅರ್ಥ ಆಗೋ ಹಾಗೆ ಹೊಸದಾಗಿ ಬರೀರಿ. ಅದರೊಳಗೆ ಇವಳು ಬಂದ್ರೆ ಕೆಲ್ಸಕ್ಕೆ ಬರ್ಲಿ. ಬರ್ಲಿಲ್ಲ ಅಂದ್ರೆ ಲೆಕ್ಕ ಚುಕ್ತಾ ಮಾಡಿ ಕಳ್ಸಿ.”

ಒಬ್ಬಳ ಅನ್ನ ನನ್ನ ಕನ್ನಡದ ಮೇಲೆ ನಿಂತದ್ದು ಅದೇ ಮೊದಲು. ಶಾಲೆಯಲ್ಲಿ ಪ್ರಬಂಧಕ್ಕೆ ನನಗೆ ಒಳ್ಳೆಯ ಅಂಕ ಬಂದದ್ದಿಲ್ಲ.

ಮೊದಲೆರಡು ಭಾಗ ಸುಲಭವಾಯಿತು. ಯಾರಿಗೆ: ಹಿಂದಿನ ಕ್ಯಾಲೆಂಡರ್ ವರ್ಷದಲ್ಲಿ ಇನ್ನೂರ ನಲವತ್ತು ದಿನ ಕೆಲಸ ಮಾಡಿದವರಿಗೆ, ಮಾಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನ ಸಂಬಳದ ರಜೆ. ಇದು ಕಾನೂನಿನಲ್ಲೇ ಇದೆ. ಹೇಗೆ: ಹದಿನೈದು ದಿನ ಮೊದಲು ಸೂಪರ್‌ವೈಸರ್‌ಗೆ ಅರ್ಜಿ ಕೊಡಬೇಕು, ಅವನು ಮಾರನೇ ದಿನದೊಳಗೆ ನನಗೆ ಮುಟ್ಟಿಸಬೇಕು, ಒಪ್ಪುವವರು ಮ್ಯಾನೇಜರು, ಇಲ್ಲ ಎನ್ನುವುದಾದರೆ ಕಾರಣ ಬರೆದು ಕೊಡಬೇಕು. ಯಂತ್ರಕ್ಕೆ ಆಳು ಹುಡುಕುವುದು ಸೂಪರ್‌ವೈಸರ್‌ನ ಕೆಲಸ, ರಜೆ ಕೇಳಿದವರದಲ್ಲ. ಈ ಸಾಲು ಓದಿ ಸೂಪರ್‌ವೈಸರ್ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಬಹಳ ನೆಮ್ಮದಿಯ ದಿನಗಳು.

ಮೂರನೆಯದು ವಿನಾಯಿತಿ. ಅವಳಿಗಾಗಿಯೇ ಬರೆಯುತ್ತಿದ್ದೆ, ಅವಳಿಗಾಗಿ ಎಂದು ಕಾಣದ ಹಾಗೆ. ‘ಕುಟುಂಬದವರಿಗೆ ತುರ್ತು ಕಾಯಿಲೆ ಅಥವಾ ಸಾವಾದರೆ ಮೊದಲೇ ಅರ್ಜಿ ಬೇಕಿಲ್ಲ. ಫೋನಿನಲ್ಲಿ ಅಥವಾ ಇನ್ನೊಬ್ಬರ ಮೂಲಕ ತಿಳಿಸಿದರೆ ಸಾಕು. ಕೆಲಸಕ್ಕೆ ಮರಳಿದ ಮೂರು ದಿನದೊಳಗೆ ಅರ್ಜಿ ಕೊಡಬೇಕು. ಈಗ ತೀರ್ಮಾನವಾಗದೆ ಉಳಿದ ಪ್ರಕರಣಗಳಿಗೂ ಇದು ಅನ್ವಯ.’ ಕುಟುಂಬ ಎಂದರೆ ಯಾರು ಎಂದು ಯಾರಾದರೂ ಕೇಳಿಯಾರೆಂದು, ಜಾಣೆಯಂತೆ ಅದನ್ನೂ ಸೇರಿಸಿದೆ: ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ.

ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿ ಓದಿದೆ. ಅವಳನ್ನೂ ಗೇಟಿನಿಂದ ಕರೆಸಿದ್ದೆ. ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಆಯಿತೆಂದರು. ಮೊದಲ ಬಾರಿಗೆ ನಿಜವಾಗಿಯೂ ಅರ್ಥವಾಗಿತ್ತು. ಅದೇ ತೊಂದರೆ.

“ಹಂಗಾದ್ರ ನಾ ಇದರಾಗ ಬರಂಗಿಲ್ಲ ಬಿಡ್ರಿ ಮೇಡಂ,” ಎಂದಳು ಅವಳು, ಜಗಳದ ದನಿಯಿಲ್ಲದೆ. “ಅವ್ವ ನಾ ಸಣ್ಣಾಕಿ ಇದ್ದಾಗ ಹೋದ್ಳು. ನನ್ನ ಸಾಕಿದ್ದೇ ಅಕ್ಕ. ಅಕ್ಕ ಅಂತ ನೀವು ಓದಲೇ ಇಲ್ಲ.”

ಅವಳ ಗೆಳತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ನನ್ನ ಮೇಲೇ ನನಗೆ ಸಿಟ್ಟು ಬಂತು. ಹಳೆಯ ನಿಯಮದಲ್ಲಿ ಅವಳು ಇದ್ದಳೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ನಾನು ಸ್ಪಷ್ಟವಾದ ಕನ್ನಡದಲ್ಲಿ ಅವಳನ್ನು ಹೊರಗೆ ಹಾಕಿದ್ದೆ.

ಹಾಳೆ ಹಿಡಿದು ನೇರ ಮ್ಯಾನೇಜರ ಬಳಿ ಹೋದೆ. ಅಕ್ಕ, ತಂಗಿ, ಅಣ್ಣ, ತಮ್ಮ ಸೇರಿಸೋಣ ಎಂದೆ. ಹಾಗಾದರೆ ಅತ್ತೆ, ಮಾವ, ಸೋದರಮಾವ, ನೆಗೆಣ್ಣಿ ಯಾಕೆ ಬೇಡ ಎಂದರು ಅವರು. ಮಾತು ಸರಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

“ಹಂಗಿದ್ರೆ ಸಾರ್, ನಾವು ಪಟ್ಟಿ ಮಾಡೋದು ಬೇಡ. ಗಂಡ, ಮಕ್ಕಳು, ಅಪ್ಪ, ಅಮ್ಮ ಬಿಟ್ಟು ಇನ್ನೊಬ್ರ ಹೆಸರು ಅವರವರೇ ಕೊಡ್ಲಿ. ಒಬ್ರದ್ದೇ. ವರ್ಷದ ಮೊದಲಲ್ಲಿ ಬರೆಸಿಟ್ರೆ ಆ ವರ್ಷ ಬದಲಾಯ್ಸೋ ಹಾಗಿಲ್ಲ.”

“ಯಾರಾದ್ರೂ ಆಗ್ಬಹುದಾ?”

“ಯಾರಾದ್ರೂ. ಸಂಬಂಧ ಏನು ಅಂತ ಅವ್ರೇ ಹೇಳ್ಲಿ.”

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. “ಒಬ್ರೇ ಅಂದ್ರೆ ಒಬ್ರೇ,” ಎಂದು ಸಹಿ ಹಾಕಿದರು. ಆ ವರ್ಷಕ್ಕೆ ಹೆಸರನ್ನು ಈಗಲೇ ಬರೆಸಬಹುದು ಎಂದೂ ಒಪ್ಪಿದರು. ಅವಳು ಸತ್ತ ಅಕ್ಕನ ಹೆಸರು ಬರೆಸಿ, ಮಾರನೇ ದಿನ ಯಂತ್ರದ ಮುಂದೆ ನಿಂತಳು. ಹಳೆಯ ಕಟ್ಟಿನೊಳಗೆ ಹೊಸ ಹಾಳೆ ಕೂತಿತು. ಕುಂಕುಮ ಒರೆಸಲು ಯಾರೂ ಒಪ್ಪಲಿಲ್ಲ.

ಹೊಸ ವರ್ಷ ಬಂದಾಗ ಒಬ್ಬೊಬ್ಬರೇ ಬಂದು ಹೆಸರು ಬರೆಸಿದರು. ಗಂಡಸರು ಸಾಮಾನ್ಯವಾಗಿ ಅತ್ತೆಯ ಹೆಸರು ಕೊಡುತ್ತಿದ್ದರು, ಹೆಂಡತಿ ಹೇಳಿ ಕಳಿಸಿರುತ್ತಿದ್ದಳು. ಡ್ರಿಲ್ಲಿಂಗ್ ಯಂತ್ರದವಳೂ ಬಂದು ಮೇಜಿನ ಮುಂದೆ ನಿಂತಳು.

“ಅಕ್ಕ ಈಗ ಇಲ್ಲಲ್ರೀ,” ಎಂದಳು. ಆಮೇಲೆ ಅವಳು ಪ್ಯಾಕಿಂಗಿನ ಗೆಳತಿಯ ಹೆಸರು ಹೇಳಿದಳು. ತನ್ನ ಯಂತ್ರಕ್ಕೆ ನಿಂತಿದ್ದವಳು.

ಹಿಂದೆ ನಿಂತಿದ್ದ ಸೂಪರ್‌ವೈಸರ್ ತಡೆಯಲಾರದೆ ಬಾಯಿ ಹಾಕಿದ. “ಮೇಡಂ, ಅವ್ಳೂ ಇವಳ ಹೆಸ್ರೇ ಕೊಟ್ಟವ್ಳೆ. ಒಬ್ಳಿಗೆ ಹುಷಾರಿಲ್ಲ ಅಂದ್ರೆ ಇಬ್ರೂ ಇರಲ್ಲ. ಮಿಷನ್‌ಗೆ ಯಾರು?”

“ಆಳು ಹುಡುಕೋದು ಯಾರ ಕೆಲಸ, ಗೋಡೆ ಮೇಲಿದೆ ನೋಡಿ,” ಎಂದೆ.

ಸಂಬಂಧ ಏನೆಂದು ಬರೆಯಲಿ ಎಂದು ಅವಳನ್ನು ಕೇಳಿದೆ.

“ಅಕ್ಕ ಅಂತ ಬರೀರಿ.”

“ಅವಳು ನಿನಗಿಂತ ಚಿಕ್ಕವಳಲ್ಲವೇನಮ್ಮ?”

“ಹೌದ್ರೀ,” ಎಂದಳು. “ಆದ್ರೂ ಅಕ್ಕ ಅಂತನ ಬರೀರಿ.”

ಅಕ್ಕನಾದವಳು ವಯಸ್ಸಿನಲ್ಲಿ ದೊಡ್ಡವಳಾಗಿರಬೇಕು ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಬರೆದವಳು ನಾನೇ, ನನಗೆ ಗೊತ್ತು. ಅಕ್ಕ ಎಂದೇ ಬರೆದೆ.