ಖೊಖೊ ಕಂಬ ಮತ್ತು ನಾನು ತೀರಿಸಿಕೊಂಡ ಸೇಡು

ಕುಷ್ಟಗಿಯ ನಮ್ಮ ಹೈಸ್ಕೂಲಿನಲ್ಲಿ ಪಂದ್ಯಗಳು ಹತ್ತಿರ ಬಂದರೆ ಖೊಖೊ ಕಂಬಗಳಿಗೆ ಅರಿಶಿನ ಕುಂಕುಮ ಹಚ್ಚುವ ರೂಢಿ. ಹಚ್ಚುವವರು ನನ್ನ ಹಿರಿಯ ಸಹೋದ್ಯೋಗಿ, ಹುಡುಗರ ತಂಡದ ಸರ್. ಹುಡುಗಿಯರ ತಂಡ ನನ್ನದು. ಮೋಡ ಕಂಡರೆ ಮಳೆಯ ಚಿಂತೆ, ಕಾಣದಿದ್ದರೆ ಬಿಸಿಲಿನ ಚಿಂತೆ ಮಾಡುವ ಹೆಂಗಸು ನಾನು.

ಆ ಸಂಜೆ ನನ್ನ ತಂಡದ ಚುರುಕು ಹುಡುಗಿ ಕಂಬದತ್ತ ಹಾರಲು ನಿಂತಿದ್ದಳು. ಅವಳು ಎರಡು ಸಲ ಶೌಚಾಲಯಕ್ಕೆ ಹೋಗಿಬಂದದ್ದನ್ನು ನೋಡಿದ್ದ ಸರ್, ಮೈದಾನದ ನಡುವೆ ನಿಂತು ಕೇಳಿದರು: "ಏ, ಹೊರಗ ಅದೀಯೇನು? ಹಂಗಿದ್ರ ಕಂಬ ಮುಟ್ಟಬ್ಯಾಡ."

ಹುಡುಗರು ನಕ್ಕರು. ಮರುದಿನ ಅವಳು ಬರಲಿಲ್ಲ. ಅಪ್ಪ ಆಟ ಬಿಡಿಸುತ್ತಾನಂತೆ ಎಂದು ಗೆಳತಿಯರು ಹೇಳಿದರು.

ಸರ್ ಅವರ ಬೈಕು ಪಂಕ್ಚರ್ ಆಗಲಿ ಎಂದು ದೇವರಲ್ಲಿ ಬೇಡಿಕೊಂಡೆ. ಆದರೆ ಅನುಮಾನ ನನ್ನ ಮೇಲೆಯೇ ಬಂದೀತೆಂದು ಹೆದರಿ, ಬೇಡಿಕೆ ವಾಪಸು ಪಡೆದೆ. ಸೇಡಿಗೂ ಧೈರ್ಯ ಬೇಕು ನೋಡಿ.

ಹುಡುಗಿಯ ಮನೆಗೆ ಹೋದೆ. ಹಿತ್ತಲಲ್ಲಿ ನಾವಿಬ್ಬರೇ ಇದ್ದಾಗ ಅವಳು ಮೆಲ್ಲಗೆ ಕೇಳಿದಳು: "ಈಗ ಓಡಿದ್ರ ಗರ್ಭಚೀಲ ಜಾರತೈತಂತ ಆಯಿ ಅಂತಾಳ್ರಿ. ಖರೇನ್ರಿ ಟೀಚರ್?"

ಅದು ಸುಳ್ಳು ಎಂದೆ. ಮುಟ್ಟಿನ ದಿನಗಳಲ್ಲೂ ಮೈ ಒಪ್ಪಿದರೆ ಎಂದಿನಂತೆ ಆಡಬಹುದು. ಮೆಲ್ಲನೆ ಓಡಾಡಿದರೆ ಕೆಲವರಿಗೆ ನೋವೂ ಇಳಿಯುತ್ತದೆ. ಶಾಲೆಗೇ ಬರಲಾಗದಷ್ಟು ನೋವಿದ್ದರೆ, ಪ್ಯಾಡ್ ಗಂಟೆಗೊಂದು ತೊಯ್ಯುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು ಎಂದೂ ಹೇಳಿದೆ. ಪಾಲಕರ ಸಭೆಯಲ್ಲಿ ಈ ಮಾತು ತೆಗೆಯಲೇ ಎಂದು ಕೇಳಿದೆ. ಅವಳು ಯೋಚಿಸಿ, "ತಗೀರಿ. ನನ್ನ ಹೆಸರು ಮಾತ್ರ ಬ್ಯಾಡ್ರಿ" ಎಂದಳು.

ಸಭೆಯಲ್ಲಿ ಹೆಸರೆತ್ತದೆ ನನ್ನ ಹೊಸ ಪದ್ಧತಿ ಹೇಳಿದೆ. ಇನ್ನು ಮೇಲೆ ಎಲ್ಲ ದಿನವೂ ಎರಡು ಸಾಲು: ಒಂದು ಓಟಕ್ಕೆ, ಇನ್ನೊಂದು ನಡಿಗೆ, ಹಗುರ ಕಸರತ್ತಿಗೆ. ಯಾರು ಯಾವ ಸಾಲಿನಲ್ಲಾದರೂ ನಿಲ್ಲಬಹುದು, ಕಾರಣ ಕೇಳುವಂತಿಲ್ಲ. ಆಮೇಲೆ ಸರ್ ಕಡೆ ತಿರುಗಿದೆ.

"ಕಂಬ ಯಾಕ ಮುಟ್ಟಬಾರದು ಅಂತ ನೀವ ಬಿಡಿಸಿ ಹೇಳ್ರಿ ಸರ್. ಅಪ್ಪಂದಿರೂ ಕೇಳಲಿ."

ಮೈದಾನದಲ್ಲಿ ಅಷ್ಟು ಜೋರಾಗಿದ್ದ ದನಿ ಅಪ್ಪಂದಿರ ಮುಂದೆ ಹೊರಡಲಿಲ್ಲ. ಅವರು ಫ್ಯಾನು ನೋಡಿದರು, ಬೂಟು ನೋಡಿದರು, ನೀರು ಕುಡಿದರು. ನಾನು ಮಧ್ಯೆ ಬಾಯಿ ಹಾಕಿ ಕಾಪಾಡಲಿಲ್ಲ. ಆ ಮೌನ ಬೆಲ್ಲದಂತಿತ್ತು.

ಕೊನೆಗೆ ಹುಡುಗಿಯ ಅಪ್ಪನೇ ಎದ್ದ. "ಅಪ್ಪಂದಿರ ಮುಂದ ಆಡಲಿಕ್ಕೆ ನಾಚಿಕಿ ಬರೋ ಮಾತು, ಕೂಸುಗಳ ಮುಂದ ಹೆಂಗ ಆಡಿದ್ರಿ ಸರ್?" ಎಂದು ಕೇಳಿದ. ಆಮೇಲೆ ನನ್ನತ್ತ ತಿರುಗಿದ: "ನನ್ನ ಮಗಳು ನಾಳಿಂದ ಬರತಾಳ್ರಿ ಟೀಚರ್."

ಬಂದಳು. ಮೊದಲ ದಿನ ಹಗುರ ಸಾಲಿನಲ್ಲಿ ನಿಂತಳು. ಯಾರೂ ಯಾಕೆಂದು ಕೇಳಲಿಲ್ಲ. ವಾರದೊಳಗೆ ಕಂಬಕ್ಕೆ ಹಾರಿದಳು, ಅಂಗೈ ತುಂಬ ಅರಿಶಿನ.

ಪಂದ್ಯಕ್ಕೆ ಯಲಬುರ್ಗಾಕ್ಕೆ ಹೋಗುವಾಗ ಹೆಡ್‌ಮಾಸ್ತರರಿಗೆ ಹೇಳಿ ಹುಡುಗಿಯರ ಕಿಟ್ ಚೀಲವನ್ನು ಸರ್ ಕೈಗೇ ಕೊಡಿಸಿದೆ. ಒಳಗೆ ಪ್ಯಾಡು, ಹೆಚ್ಚುವರಿ ಕಪ್ಪು ಚಡ್ಡಿ, ನೋವಿನೆಣ್ಣೆ. ಕಡಿಮೆ ಬಿದ್ದದ್ದನ್ನು ಅಂಗಡಿಯಿಂದ ತರುವ ಕೆಲಸವೂ ಅವರದೇ. ಬಸ್ಸಿನಲ್ಲಿ ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು.

ನಾನು ಬಹಳ ಮರ್ಯಾದೆಯಿಂದಲೇ ವಿಚಾರಿಸಿದೆ: "ಭಾರ ಆಗೇತೇನ್ರಿ ಸರ್?"