ಹಲ್ಲುಕಡಿಯ ಜರ್ಮನ್ ಪ್ರೊಫೈಲ್

ಹಲ್ಲಿನ ಕ್ಯಾಪ್ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಹಲ್ಲು ಕಡಿಯುವುದರಲ್ಲೂ ಅಷ್ಟೇ. ಹಾಗಾಗಿ ಕೃತಕ ಹಲ್ಲು ತಯಾರಿಸುವ ಆ ಲ್ಯಾಬಿನಲ್ಲಿ ಅವನಿಗೆ ಹಲ್ಲುಕಡಿ ಎಂದೇ ಹೆಸರು, ಬೆನ್ನ ಹಿಂದೆ ಮಾತ್ರ. ಎದುರಿಗೆ ಕರೆಯುವ ಎದೆಗಾರಿಕೆ ಯಾರಿಗಿತ್ತು? ಸಹಾಯಕರು ಬರುತ್ತಿದ್ದರು, ಕಣ್ಣೀರಿಡುತ್ತಿದ್ದರು, ಹೋಗುತ್ತಿದ್ದರು. ಅವರು ಮೇಣದಲ್ಲಿ ಕೆತ್ತಿದ್ದು ಸರಿಯಿಲ್ಲದಿದ್ದರೆ ತುಟಿ ಪಿಟಕ್ಕೆನ್ನದೆ ಕಸದ ಬುಟ್ಟಿಗೆ ಎಸೆಯುತ್ತಿದ್ದ. ಸರಿಯಿದ್ದರೆ, ಆಗಲೂ ತುಟಿ ಪಿಟಕ್ಕೆನ್ನದೆ, ಟ್ರೇಗೆ ಸೇರಿಸುತ್ತಿದ್ದ. ಮಹಾರಾಯನ ಹೊಗಳಿಕೆ ಎಂದರೆ ಇಷ್ಟೇ.

ಈಗ ಆ ಲ್ಯಾಬಿಗೇ ಬೀಗ ಬೀಳುವುದರಲ್ಲಿತ್ತು. ತಲೆ ನರೆತವನನ್ನು ಹೊಸದಾಗಿ ಸೇರಿಸಿಕೊಳ್ಳುವವರು ಯಾರು? ಉಳಿದಿದ್ದ ಆಸೆ ಊರಾಚೆಯ ದೊಡ್ಡ ಲ್ಯಾಬು ಒಂದೇ. ಅದರ ಮಾಲೀಕರು ಜರ್ಮನ್ನರು, ಒಳಗಿನ ವ್ಯವಹಾರವೆಲ್ಲ ಜರ್ಮನ್ನಿನಲ್ಲೇ. ಅದಕ್ಕೆಂದೇ ಅವನು ಸಂಜೆ ತರಗತಿಯಲ್ಲಿ ಮಕ್ಕಳ ವಯಸ್ಸಿನವರ ಜೊತೆ ಕೂತು, ಏದುಸಿರು ಬಿಡುತ್ತಾ ಜರ್ಮನ್ನಿನ ಬಿ-ಒನ್ ಎಂಬ ನಡುಮಟ್ಟದ ಹಂತ ಪಾಸು ಮಾಡಿಕೊಂಡಿದ್ದ. ಆದರೆ ಆ ಕಂಪನಿಯವರು ಉದ್ಯೋಗದ ಜಾಲತಾಣದಲ್ಲಿ ಪ್ರೊಫೈಲ್ ನೋಡಿಯೇ ಜನರನ್ನು ಕರೆಯುವುದು. ಪ್ರೊಫೈಲಿನ ತಲೆಯ ಮೇಲೆ ತನ್ನ ಬಗ್ಗೆ ತಾನೇ ಜರ್ಮನ್ನಿನಲ್ಲಿ ನಾಲ್ಕು ಸಾಲು ಬರೆದುಕೊಳ್ಳಬೇಕು.

ಅದಕ್ಕೆ ಬಾಮೈದ ಬಂದ. ಅವನು ಜರ್ಮನ್ ಕಲಿತು, ಈಗ ಕರಿಯರ್ ಕೋಚ್ ಎಂದು ಬೋರ್ಡು ಹಾಕಿಕೊಂಡಿದ್ದ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೇಳಿದ:

"ಭಾವ, ನಿಮ್ ಬಗ್ಗೆ ಏನಾದ್ರೂ ಹೇಳಿ."

"ಕ್ಯಾಪ್ ಮಾಡ್ತೀನಿ."

"ಆಮೇಲೆ?"

"ಬ್ರಿಡ್ಜೂ ಮಾಡ್ತೀನಿ."

ಬಾಮೈದ ನಿಟ್ಟುಸಿರು ಬಿಟ್ಟು ತಾನೇ ಟೈಪಿಸಿದ:

Engagierter Zahntechniker mit langjähriger Berufserfahrung, teamfähig, belastbar und lösungsorientiert.

"ಏನಿದು ಮಂತ್ರ?" ಎಂದಳು ಬಟ್ಟೆ ಮಡಚುತ್ತಿದ್ದ ಹೆಂಡತಿ.

"ಇವೆಲ್ಲಾ ಇರ್ಲೇಬೇಕು ಅಕ್ಕ. ಶ್ರದ್ಧೆಯಿಂದ ಕೆಲಸ ಮಾಡೋ, ತುಂಬಾ ವರ್ಷ ಅನುಭವ ಇರೋ ಡೆಂಟಲ್ ಟೆಕ್ನಿಶಿಯನ್. ಲೋಸುಂಗ್ಸ್‌ಓರಿಯೆಂಟೀಯರ್ಟ್ ಅಂದ್ರೆ ಸಮಸ್ಯೆಗೆ ಪರಿಹಾರ ಹುಡುಕೋನು. ಬೆಲಾಸ್ಟ್‌ಬಾರ್ ಅಂದ್ರೆ ಎಷ್ಟೇ ಒತ್ತಡ ಬಂದ್ರೂ ತಡ್ಕೊಳ್ಳೋನು."

"ಅದನ್ನ ನನ್ ಪ್ರೊಫೈಲಿಗೆ ಹಾಕು. ಇವ್ರ ಜೊತೆ ಬಾಳ್ತಿರೋಳು ನಾನು."

"ಟೀಮ್‌ಫೇಯಿಗ್ ಅಂದ್ರೆ ಎಲ್ಲರ ಜೊತೆ ಹೊಂದ್ಕೊಂಡು ಕೆಲಸ ಮಾಡೋನು."

ಹೆಂಡತಿ ಮಡಚುತ್ತಿದ್ದ ಅಂಗಿಯನ್ನೇ ಬಾಯಿಗೊತ್ತಿಕೊಂಡು ಬಿದ್ದು ಬಿದ್ದು ನಕ್ಕಳು. ಹಲ್ಲುಕಡಿ ಹಲ್ಲು ಕಡಿದ.

ಭಾಷೆಯ ಜಾಗಕ್ಕೆ ಬಂದಾಗ ಬಾಮೈದ ಫರ್ಹಾಂಡ್ಲುಂಗ್ಸ್‌ಸಿಷರ್ ಎಂದು ಹೊಡೆದ. ಜರ್ಮನ್ನಿನಲ್ಲಿ ವ್ಯಾಪಾರದ ಮಾತುಕತೆಯನ್ನೂ ಸಲೀಸಾಗಿ ನಡೆಸಬಲ್ಲವನು ಎಂದು ಅದರ ಅರ್ಥ.

"ತೆಗಿ ಅದನ್ನ. ಬಿ-ಒನ್ ಅಂತ ಬರಿ," ಎಂದು ಹಲ್ಲುಕಡಿ ಗುಡುಗಿದ.

"ಮತ್ತೆ ಟೀಮ್‌ಫೇಯಿಗ್ ಇರ್ಲಾ ಭಾವ? ಬೇಕಾದ್ರೆ ಸೆಲ್ಬ್‌ಸ್ಟೆಂಡಿಗೆ ಆರ್ಬೈಟ್ಸ್‌ವೈಸೆ ಅಂತ ಹಾಕೋಣ, ಸ್ವತಂತ್ರವಾಗಿ ಕೆಲಸ ಮಾಡ್ತೀನಿ ಅಂತ. ಯಾರ ಜೊತೆಗೂ ಆಗಿಬರದೋರಿಗೆ ಹೇಳಿ ಮಾಡಿಸಿದ್ದು."

"ಎಲ್ಲರೂ ಯಾವುದು ಹಾಕ್ತಾರೆ?"

"ಟೀಮ್‌ಫೇಯಿಗ್ಗೇ."

"ಇರ್ಲಿ ಬಿಡು."

ಭಾಷೆಯ ಸುಳ್ಳಾದರೆ ಬಾಯಿ ತೆರೆದ ಕೂಡಲೇ ಬಯಲಾಗುತ್ತದೆ. ಸ್ವಭಾವದ ಸುಳ್ಳನ್ನು ಯಾರು ಅಳೆಯುತ್ತಾರೆ? ಹಾಗೆಂದುಕೊಂಡು ನಮ್ಮ ಸತ್ಯಸಂಧ ನಿಶ್ಚಿಂತೆಯಿಂದ ಮಲಗಿದ.

ಸಂದರ್ಶನಕ್ಕೆ ಕರೆ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆ ನಾಲ್ಕು ಸಾಲುಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಹೋದ. ಗಾಜಿನ ಕೋಣೆಯಲ್ಲಿ ಮೇಜಿನಾಚೆ ಒಬ್ಬ ಜರ್ಮನ್ ಮ್ಯಾನೇಜರ್ ಇದ್ದ. ಪಕ್ಕದಲ್ಲಿ ಪಿಂಗಾಣಿ ಹಲ್ಲಿನ ವಿಭಾಗದ ಮುಖ್ಯಸ್ಥೆ. ಅವಳನ್ನು ನೋಡಿದ್ದೇ ಹಲ್ಲುಕಡಿಗೆ ಗುರುತು ಹತ್ತಿತು. ಅವನ ಕೈಕೆಳಗೆ ಒಂದು ವರ್ಷ ದುಡಿದು, ಒಂದು ದಿನ ಏಪ್ರನ್ನನ್ನು ಬೆಂಚಿನ ಮೇಲೇ ಬಿಟ್ಟು ಹೋಗಿದ್ದ ಹುಡುಗಿ ಅವಳು. ಪ್ರೊಫೈಲಿನಲ್ಲಿ ಹಳೆಯ ಲ್ಯಾಬಿನ ಹೆಸರು ಕಂಡು, ಇವನನ್ನು ಕರೆಸಿ ಎಂದವಳೂ ಅವಳೇ.

ಅವಳು ಪ್ರೊಫೈಲನ್ನು ಪರದೆಯ ಮೇಲೆ ತೆರೆದು, ಜರ್ಮನ್ನಿನಲ್ಲಿ ನಿಧಾನವಾಗಿ ಕೇಳಿದಳು: "ಎಲ್ಲರ ಜೊತೆ ಹೊಂದಿಕೊಂಡು ಕೆಲಸ ಮಾಡ್ತೀನಿ ಅಂತ ಬರ್ದಿದೀರಿ. ಒಂದು ಉದಾಹರಣೆ ಕೊಡಿ."

ಜರ್ಮನ್ ಸಂದರ್ಶನಗಳಲ್ಲಿ ಇದು ಮಾಮೂಲಿ ಪ್ರಶ್ನೆ. ಉತ್ತರವನ್ನೂ ಬಾಮೈದ ಗಿಳಿಪಾಠ ಮಾಡಿಸಿ ಕಳಿಸಿದ್ದ. ಆದರೆ ಉದಾಹರಣೆ ಎದುರಿಗೇ ಕೂತಿರುವಾಗ ಗಿಳಿಯ ಬಾಯಿ ಕಟ್ಟಿಹೋಯಿತು. ಅವನು ನೀರು ಕುಡಿದ. ಕೊನೆಗೆ ತರಗತಿಯಲ್ಲಿ ಕಲಿತ ಪದಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದ:

"Ihre Kronen waren gut. Ich habe das nie gesagt."

ನೀವು ಮಾಡಿದ ಕ್ಯಾಪುಗಳು ಚೆನ್ನಾಗಿದ್ದವು. ನಾನು ಅದನ್ನು ಯಾವತ್ತೂ ಹೇಳಲಿಲ್ಲ.

ಅವನ ಬಾಯಿಂದ ಒಬ್ಬ ಸಹಾಯಕಿಯ ಬಗ್ಗೆ ಹೊರಟ ಮೊದಲ ಒಳ್ಳೆಯ ಮಾತು ಅದು. ಅದೂ ಪರಭಾಷೆಯಲ್ಲಿ, ನೌಕರಿಗಾಗಿ! ಆದರೂ ನಿಜವಾಗಿತ್ತು. ಅವಳ ಕಣ್ಣು ತುಂಬಿತು.

"ಆವತ್ತೇ ಹೇಳಿದ್ರೆ ನಾನು ಅಲ್ಲೇ ಇರ್ತಿದ್ದೆ ಸರ್," ಎಂದಳು, ಕನ್ನಡದಲ್ಲಿ.

ಆಮೇಲೆ ಕಣ್ಣೊರೆಸಿಕೊಂಡು ಮ್ಯಾನೇಜರ್ ಕಡೆ ತಿರುಗಿ, ಇವನಿಗೂ ತಿಳಿಯಲೆಂದೇ ಬಿಡಿಬಿಡಿಯಾಗಿ ಜರ್ಮನ್ನಿನಲ್ಲಿ ಹೇಳಿದಳು: "ಕೈಕೆಲಸದಲ್ಲಿ ಇವರಷ್ಟು ಒಳ್ಳೆಯವರು ಸಿಗಲ್ಲ. ಆದರೆ ನನ್ನ ಹುಡುಗರ ಜೊತೆ ಇವರನ್ನ ಕೂರಿಸಲ್ಲ. ಇವರು ನಮಗೆ ಬೇಡ."

ಹಲ್ಲುಕಡಿಗೆ ಒಂದು ಪದವೂ ತಪ್ಪದೆ ಅರ್ಥವಾಯಿತು.